ಆಲ್ಫಾ 0.30 ಬಂತಾ? ಐಟಂ ಕಿತ್ತಾಕೋಕ್ ಮುಂಚೆ ಇದನ್ನ ಚೆಕ್ ಮಾಡಿ

ಪ್ರಾಬ್ಲಂ ಏನು ಅಂದ್ರೆ, ಡಿಸರ್ಟೇಶನ್‌ಗೆ ಅಂತ ಸ್ವಂತವಾಗಿ ಒಂದು ಆಟಿಟ್ಯೂಡ್ ಸ್ಕೇಲ್ ಮಾಡಿರ್ತೀರಿ, ಪೈಲಟ್ ಡೇಟಾನೂ ಕಲೆಕ್ಟ್ ಮಾಡಿರ್ತೀರಿ, ಎಸ್‌ಪಿಎಸ್‌ಎಸ್‌ಗೆ ಹಾಕಿ ಕ್ರಾನ್‌ಬಾಕ್ ಆಲ್ಫಾ, ಅಂದ್ರೆ ಐಟಂಗಳ ಉತ್ತರ ಒಂದಕ್ಕೊಂದು ಎಷ್ಟು ಹೊಂದ್ಕೊಳ್ಳತ್ತೆ ಅಂತ ಹೇಳೋ ನಂಬರ್, ತೆಗೆದ್ರೆ 0.30 ಅಂತ ಕೂತಿರತ್ತೆ. ಆಗ ಸುತ್ತ ಇರೋರೆಲ್ಲ ಹೇಳೋದು ಒಂದೇ, `Cronbach's Alpha if Item Deleted` ಕಾಲಂ ನೋಡು, ಯಾವ್ದು ತೆಗೆದ್ರೆ ಆಲ್ಫಾ ಏರತ್ತೋ ಅದನ್ನ ತೆಗಿ, 0.70 ದಾಟೋವರೆಗೂ ತೆಗೀತಾ ಇರು ಅಂತ. ದಯವಿಟ್ಟು ಅದನ್ನ ಮೊದ್ಲು ಮಾಡ್ಬೇಡಿ. ಯಾಕೆ ಅಂತ ಒಂದು ಕೇಸ್ ಇಟ್ಕೊಂಡೇ ಹೇಳ್ತೀನಿ, ಅದ್ರಲ್ಲಿ ಹಾಗೆ ಮಾಡಿದ್ರೆ ಒಳ್ಳೇ ಐಟಂ ಮೂರು ಹೊರಗೆ ಹೋಗಿ ಕೆಟ್ಟ ಐಟಂ ಒಂದು ಒಳಗೇ ಉಳ್ಕೊಳ್ತಿತ್ತು, ಅದೂ 0.72 ಅನ್ನೋ ಮರ್ಯಾದಸ್ಥ ನಂಬರ್ ಜೊತೆಗೆ.

ಕೇಸ್ ಇದು. ನಮ್ಮ ಜೂನಿಯರ್ ಒಬ್ಳು, ಬೆಂಗಳೂರಲ್ಲಿ ಮನೆಯವ್ರು ಹಸಿ ಕಸ ಒಣ ಕಸ ಬೇರೆ ಮಾಡೋದ್ರ ಬಗ್ಗೆ ಏನು ಮನೋಭಾವ ಇಟ್ಕೊಂಡಿದಾರೆ ಅಂತ 12 ಐಟಂ ಸ್ಕೇಲ್ ಮಾಡಿದ್ಲು. ಐದು ಪಾಯಿಂಟ್ ಲೈಕರ್ಟ್, 1 ಅಂದ್ರೆ ಸ್ವಲ್ಪಾನೂ ಒಪ್ಪಲ್ಲ, 5 ಅಂದ್ರೆ ಪೂರ್ತಿ ಒಪ್ತೀನಿ. ಜಯನಗರ, ಬನಶಂಕರಿ ಕಡೆಯಿಂದ 120 ಜನ, ಅದ್ರಲ್ಲಿ 70 ಜನ ಕನ್ನಡ ಫಾರ್ಮ್, 50 ಜನ ಇಂಗ್ಲಿಷ್ ಫಾರ್ಮ್. q3, q8, q9, q11 ನಾಲ್ಕು ರಿವರ್ಸ್ ಐಟಂ, ಅಂದ್ರೆ ಒಪ್ತೀನಿ ಅಂದಷ್ಟೂ ಮನೋಭಾವ ನೆಗೆಟಿವ್. ಉದಾಹರಣೆಗೆ q3, 'ಕಸ ವಿಂಗಡಿಸುವುದು ಸಮಯ ಹಾಳು'. q8, 'ಗಾಡಿಯವರು ಕೊನೆಗೆ ಎಲ್ಲವನ್ನೂ ಒಟ್ಟಿಗೇ ಸುರಿಯುತ್ತಾರೆ'. (ಲೆಕ್ಕ ಫಾಲೋ ಮಾಡೋಕೆ ಸುಲಭ ಆಗ್ಲಿ ಅಂತ ಕೆಳಗಿನ ನಂಬರ್‌ಗಳನ್ನ ಸ್ವಲ್ಪ ರೌಂಡ್ ಮಾಡಿ ಸರಿ ಮಾಡ್ಕೊಂಡಿದೀನಿ, ಕಥೆ ಬದಲಾಗಲ್ಲ.)

ಮೊದ್ಲು ಡೇಟಾ, ಆಮೇಲೆ ಐಟಂ

ಆಲ್ಫಾ ಅನ್ನೋದು ಏನೂ ಮ್ಯಾಜಿಕ್ ಅಲ್ಲ. ಎಲ್ಲಾ ಐಟಂಗಳೂ ಒಂದಕ್ಕೊಂದು ಆವರೇಜ್ ಎಷ್ಟು ಕೋರಿಲೇಟ್ ಆಗ್ತವೆ, ಒಟ್ಟು ಎಷ್ಟು ಐಟಂ ಇವೆ, ಈ ಎರಡರಿಂದಾನೇ ಅದು ಹುಟ್ಟೋದು. ಸ್ಟ್ಯಾಂಡರ್ಡೈಸ್ಡ್ ಆಲ್ಫಾದ ಫಾರ್ಮುಲಾ ಇಷ್ಟೇ, k ಅಂದ್ರೆ ಐಟಂ ಎಷ್ಟು, r ಅಂದ್ರೆ ಎಲ್ಲಾ ಜೋಡಿಗಳ ಕೋರಿಲೇಶನ್‌ನ ಆವರೇಜ್:

```
alpha = k*r / (1 + (k-1)*r)
```

12 ಐಟಂಗೆ 66 ಜೋಡಿ ಆಗತ್ತೆ. ಆ 66ರಲ್ಲಿ ಸುಮಾರು ಜೋಡಿ ಮೈನಸ್ ಆಗ್ಬಿಟ್ರೆ ಆವರೇಜ್ ಸೊನ್ನೆ ಹತ್ರ ಬಂದ್ಬಿಡತ್ತೆ, ಐಟಂ ಎಷ್ಟೇ ಚೆನ್ನಾಗಿದ್ರೂ ಆಲ್ಫಾ ಬಿದ್ದೋಗತ್ತೆ. ಅದಕ್ಕೇ ಆಲ್ಫಾ ತೀರಾ ಕಮ್ಮಿ ಬಂದ್ರೆ, 0.30, 0.15, ಕೆಲವು ಸಲ ಮೈನಸ್ಸೇ ಬರತ್ತೆ, ಆಗ 'ನನ್ನ ಸ್ಕೇಲ್ ಡಬ್ಬಾ' ಅಂತ ಅಳೋಕ್ ಮುಂಚೆ ಎಲ್ಲೋ ಪ್ಲಸ್ಸು ಮೈನಸ್ಸು ಉಲ್ಟಾ ಆಗಿದೆ ಅಂತ ಡೌಟ್ ಪಡ್ಬೇಕು. 0.60, 0.65 ಬಂದ್ರೆ ಅದು ಬೇರೆ ಕಾಯಿಲೆ, ಅಲ್ಲಿ ಐಟಂಗಳೇ ವೀಕ್ ಇರೋ ಚಾನ್ಸ್ ಜಾಸ್ತಿ. ಮೈನಸ್ ಬಂದಾಗ ಎಸ್‌ಪಿಎಸ್‌ಎಸ್ ಟೇಬಲ್ ಕೆಳಗೆ ಸಣ್ಣ ಅಕ್ಷರದಲ್ಲಿ `You may want to check item codings` ಅಂತ ಅದೇ ಹೇಳತ್ತೆ, ಯಾರೂ ಓದಲ್ಲ ಅಷ್ಟೇ.

ಇನ್ನೊಂದು ಎರಡು ನಿಮಿಷದ ಕೆಲ್ಸ, `Descriptives` ತೆಗೆದು ಪ್ರತಿ ಐಟಂದು ಮಿನಿಮಂ ಮ್ಯಾಕ್ಸಿಮಂ ನೋಡಿ. ಐದರ ಸ್ಕೇಲಲ್ಲಿ 55 ಅಥವಾ 99 ಕಂಡ್ರೆ ಯಾರೋ ಟೈಪಿಂಗ್‌ನಲ್ಲಿ ಎಡವಿದಾರೆ ಅಥವಾ ಮಿಸ್ಸಿಂಗ್‌ಗೆ ಹಾಕಿರೋ 99ನ ಸಾಫ್ಟ್‌ವೇರ್‌ಗೆ ಮಿಸ್ಸಿಂಗ್ ಅಂತ ಹೇಳೇ ಇಲ್ಲ. `Case Processing Summary`ನಲ್ಲಿ `Excluded` ಎಷ್ಟಿದೆ ಅಂತಾನೂ ನೋಡಿ, ಒಂದೇ ಒಂದು ಪ್ರಶ್ನೆ ಬಿಟ್ಟವ್ರನ್ನೂ ಈ ಪ್ರೊಸೀಜರ್ ಪೂರ್ತಿ ಹೊರಗೆ ಹಾಕತ್ತೆ, 120 ಜನ ಅಂದ್ಕೊಂಡಿರೋದು 83 ಜನರ ಆಲ್ಫಾ ಆಗಿರ್ಬಹುದು. ಇವಳ ಡೇಟಾದಲ್ಲಿ ಇವೆರಡೂ ಸರಿ ಇತ್ತು, ಮುಂದೆ ಹೋಗೋಣ.

0.30ರ ಒಳಗೆ ಏನಿತ್ತು

ಅವಳು ನಾಲ್ಕೂ ರಿವರ್ಸ್ ಐಟಂಗಳನ್ನ ರೀಕೋಡ್ ಮಾಡದೇನೇ, ಅಂದ್ರೆ 1ನ 5, 2ನ 4 ಅಂತ ತಿರುಗಿಸದೇನೇ, ರನ್ ಮಾಡಿದ್ಲು. ಇದು ಎಲ್ಲರಿಗೂ ಗೊತ್ತಿರೋ ದೋಷಾನೇ, ಆದ್ರೆ ಔಟ್‌ಪುಟ್ ಹೇಗಿರತ್ತೆ ಅಂತ ಗಮನವಿಟ್ಟು ನೋಡಿದವ್ರು ಕಮ್ಮಿ. ಪ್ರತಿ ಐಟಂ ಉಳಿದ ಐಟಂಗಳ ಟೋಟಲ್ ಜೊತೆ ಎಷ್ಟು ಕೋರಿಲೇಟ್ ಆಗತ್ತೆ ಅಂತ ತೋರ್ಸೋ `Corrected Item-Total Correlation` ಕಾಲಂನಲ್ಲಿ q3, q8, q11 ಮೂರೂ ಮೈನಸ್, -0.3 ರಿಂದ -0.5 ವರೆಗೆ. ಮೂರರಲ್ಲಿ ಯಾವ್ದನ್ನ ತೆಗೆದ್ರೂ ಆಲ್ಫಾ ಏರತ್ತೆ ಅಂತ ಪಕ್ಕದ ಕಾಲಂ ಹೇಳ್ತಿತ್ತು. ಆದ್ರೆ q9, ಅದೂ ರಿವರ್ಸ್ ಐಟಮ್ಮೇ, ಅದು ಮಾತ್ರ ಪ್ಲಸ್ 0.16.

ಈಗ 'ಕಮ್ಮಿ ಇರೋದನ್ನ ತೆಗಿ' ಅನ್ನೋ ಸಲಹೆ ಫಾಲೋ ಮಾಡಿದ್ರೆ ಏನಾಗತ್ತೆ ನೋಡಿ. ಮೈನಸ್ ಇರೋ ಮೂರನ್ನೂ ಕಿತ್ತಾಕಿದ್ರೆ ಉಳಿಯೋದು 9 ಐಟಂ, ಆವರೇಜ್ ಕೋರಿಲೇಶನ್ 0.224, ಫಾರ್ಮುಲಾಗೆ ಹಾಕಿದ್ರೆ 2.016 ಭಾಗಿಸು 2.792, ಅಂದ್ರೆ 0.72. ಬೇಕಾಗಿದ್ದ 0.70 ದಾಟ್ತು, ಎಲ್ಲರೂ ಖುಷಿ, ಚಾಪ್ಟರ್ ಮುಗೀತು. ಆದ್ರೆ ನಡೆದಿದ್ದೇನು? ಕೆಲ್ಸ ಸರಿಯಾಗಿ ಮಾಡ್ತಿದ್ದ ಮೂರು ರಿವರ್ಸ್ ಐಟಂ ಹೋದ್ವು, ಏನಿದ್ರೂ 'ಒಪ್ತೀನಿ ಒಪ್ತೀನಿ' ಅಂತ ಟಿಕ್ ಹಾಕ್ತಾ ಹೋಗೋರನ್ನ ಹಿಡಿಯೋಕೆ ಇಟ್ಟಿದ್ದೇ ಅವು. ನಿಜವಾಗ್ಲೂ ಕೆಟ್ಟಿದ್ದ q9 ಪ್ಲಸ್ ಇದೆ ಅಂತ ಬಚಾವ್ ಆಯ್ತು. ರೀಕೋಡ್ ಮಾಡದ ರಿವರ್ಸ್ ಐಟಂ ಮೈನಸ್ ಬರೋದೇ ಆರೋಗ್ಯದ ಲಕ್ಷಣ, ಪ್ಲಸ್ ಬಂದಿದೆ ಅಂದ್ರೇನೇ ಏನೋ ಎಡವಟ್ಟಾಗಿದೆ ಅಂತ.

ಹಂಗಾಗಿ ಮೊದ್ಲು ರೀಕೋಡ್. ಹಳೇ ವೇರಿಯಬಲ್ ಮೇಲೇನೇ ಬರೀಬೇಡಿ, ಯಾಕಂದ್ರೆ ಅದೇ ಸಿಂಟ್ಯಾಕ್ಸ್ ತಪ್ಪಿ ಇನ್ನೊಂದ್ಸಲ ರನ್ ಆದ್ರೆ 5 ಆಗಿದ್ದು ಮತ್ತೆ 1 ಆಗತ್ತೆ, ನೋಡೋಕೆ ಏನೂ ಗೊತ್ತಾಗಲ್ಲ. ಹೊಸ ಹೆಸರು ಕೊಡಿ:

```
RECODE q3 q8 q9 q11 (1=5)(2=4)(3=3)(4=2)(5=1)
  INTO q3r q8r q9r q11r.
EXECUTE.
RELIABILITY
  /VARIABLES=q1 q2 q3r q4 q5 q6 q7 q8r q9r q10 q11r q12
  /SCALE('ALL') ALL
  /MODEL=ALPHA
  /STATISTICS=DESCRIPTIVE CORR
  /SUMMARY=TOTAL.
```

ಎಸ್‌ಪಿಎಸ್‌ಎಸ್ ಬದಲು R ಬಳಸೋರಿಗೆ ಒಂದು ಮಾತು. `psych` ಪ್ಯಾಕೇಜಿನ `alpha()` ಫಂಕ್ಷನ್‌ಗೆ `check.keys=TRUE` ಕೊಟ್ರೆ ಮೈನಸ್ ಕಂಡ ಐಟಂಗಳನ್ನ ಅದೇ ತಿರುಗಿಸ್ಬಿಡತ್ತೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಅದು ನಿಮ್ಮ ಐಟಂ ಓದಲ್ಲ, ಬರೀ ಡೇಟಾ ನೋಡತ್ತೆ. q9 ಥರದ ಐಟಂನ ಅದು ತಿರುಗಿಸೋದೂ ಇಲ್ಲ, ವಾರ್ನಿಂಗ್ ಕೊಡೋದೂ ಇಲ್ಲ, ದೋಷ ಮುಚ್ಚೋಗತ್ತೆ. ಯಾವ್ದು ರಿವರ್ಸ್ ಅಂತ ಐಟಂ ಬರೆದವ್ರೇ ಹೇಳ್ಬೇಕು, ಡೇಟಾ ಬರೋಕ್ ಮುಂಚೇನೇ ಒಂದು ಹಾಳೆ ಮೇಲೆ ಬರೆದಿಟ್ಟಿರ್ಬೇಕು.

ರೀಕೋಡ್ ಆದ್ಮೇಲೂ ಒಂದು ಮೈನಸ್ ಉಳಿದ್ರೆ

ರೀಕೋಡ್ ಮಾಡಿ ರನ್ ಮಾಡಿದ್ರೆ ಆಲ್ಫಾ 0.74. ಈಗ q9r ಒಂದೇ ಮೈನಸ್, -0.21, ಅದನ್ನ ತೆಗೆದ್ರೆ 0.79 ಆಗತ್ತೆ ಅಂತ ಟೇಬಲ್ ಹೇಳ್ತಿದೆ. ಇಲ್ಲೂ ಕೈ ಡಿಲೀಟ್ ಕಡೆ ಹೋಗತ್ತೆ, ಆದ್ರೆ ಯಾಕೆ ಮೈನಸ್ ಅಂತ ತಿಳ್ಕೊಳ್ದೆ ತೆಗೆದ್ರೆ ವೈವಾದಲ್ಲಿ ಎಕ್ಸ್‌ಟರ್ನಲ್ ಕೇಳೋ ಮೊದಲ ಪ್ರಶ್ನೇನೇ ಅದು.

ಕನ್ನಡ ಫಾರ್ಮಲ್ಲಿ q9 ಹೀಗಿತ್ತು: 'ಹಸಿ ಕಸ, ಒಣ ಕಸ ಬೇರೆ ಮಾಡದಿದ್ದರೆ ಏನೂ ನಷ್ಟವಿಲ್ಲ'. ಮಾಡದಿದ್ದರೆ ಒಂದು, ಇಲ್ಲ ಎರಡು, ಅದಕ್ಕೆ 'ಒಪ್ಪುವುದಿಲ್ಲ' ಅಂತ ಉತ್ತರ ಕೊಟ್ರೆ ಮೂರು. ಕಸ ಬೇರೆ ಮಾಡ್ಬೇಕು ಅಂತ ನಂಬಿರೋ ಮನುಷ್ಯ ತನ್ನ ನಂಬಿಕೆ ಹೇಳೋಕೆ ಮೂರು ನಿಷೇಧ ದಾಟ್ಬೇಕು. ಬೆಳಗ್ಗೆ ಕಸದ ಗಾಡಿ ಬರೋ ಟೈಮಲ್ಲಿ ಬಾಗಿಲ ಹತ್ರ ನಿಂತ್ಕೊಂಡು ಫಾರ್ಮ್ ತುಂಬೋರು ಅಷ್ಟೆಲ್ಲ ಲೆಕ್ಕ ಹಾಕಲ್ಲ, 'ಬೇರೆ ಮಾಡದಿದ್ದರೆ... ನಷ್ಟ' ಅಂತ ಕಣ್ಣಿಗೆ ಬಿದ್ದಷ್ಟು ಓದಿ 'ಹೌದಪ್ಪ ಒಪ್ತೀನಿ' ಅಂತ ಟಿಕ್ ಹಾಕ್ತಾರೆ.

ಇದು ಬರೀ ಊಹೆ ಅಲ್ಲ ಅಂತ ತೋರ್ಸೋದು ಹೇಗೆ? ಡೇಟಾನ ಭಾಷೆ ಪ್ರಕಾರ ಎರಡು ಮಾಡಿ ಎರಡರಲ್ಲೂ ಬೇರೆ ಬೇರೆ ರಿಲಯಬಿಲಿಟಿ ರನ್ ಮಾಡಿ:

```
SORT CASES BY lang.
SPLIT FILE SEPARATE BY lang.
```

ಇಂಗ್ಲಿಷ್ ಫಾರ್ಮ್ ತುಂಬಿದವ್ರಲ್ಲಿ q9r ಸಣ್ಣ ಪ್ಲಸ್, 0.15 ಆಸುಪಾಸು, ಕನ್ನಡ ಫಾರ್ಮಲ್ಲಿ ಗಟ್ಟಿ ಮೈನಸ್. ಉಳಿದ ಹನ್ನೊಂದು ಐಟಂ ಎರಡೂ ಕಡೆ ಹೆಚ್ಚೂಕಮ್ಮಿ ಒಂದೇ ಥರ. ಅಲ್ಲಿಗೆ ದೋಷ ಮನೋಭಾವದ್ದಲ್ಲ, ವಾಕ್ಯದ್ದು ಅಂತ ಖಾತ್ರಿ ಆಯ್ತು. ಆಮೇಲೆ `SPLIT FILE OFF.` ಕೊಡೋದು ಮರೀಬೇಡಿ, ಇಲ್ಲಾಂದ್ರೆ ಮುಂದಿನ ಟೇಬಲ್ಲೆಲ್ಲ ಎರಡೆರಡು ಬರ್ತಾ ಇರತ್ತೆ.

ಇದ್ರ ಜೊತೆ ಅವಳು ಇನ್ನೊಂದು ಕೆಲ್ಸ ಮಾಡಿದ್ಲು, ನನಗೆ ಬಹಳ ಇಷ್ಟ ಆಯ್ತು. ಕನ್ನಡ ಫಾರ್ಮ್ ತುಂಬಿದ್ದ ಬನಶಂಕರಿಯ ಒಬ್ಬ ಆಂಟಿ ಹತ್ರ ವಾಪಸ್ ಹೋಗಿ, 'ಆಂಟಿ, ಇದನ್ನ ಓದಿ ನಿಮಗೆ ಏನರ್ಥ ಆಯ್ತು ಅಂತ ನಿಮ್ಮ ಮಾತಲ್ಲೇ ಹೇಳಿ' ಅಂತ ಕೇಳಿದ್ಲು. ಆಂಟಿ ಓದಿ, 'ಬೇರೆ ಮಾಡ್ದಿದ್ರೆ ನಷ್ಟ ಅಂತ ತಾನೇ ಅಮ್ಮ, ಅದಕ್ಕೇ ಐದು ಹಾಕ್ದೆ' ಅಂದ್ರು. ಅಲ್ಲಿಗೆ ಮುಗೀತು. ನಾಲ್ಕೈದು ಜನರ ಹತ್ರ ಹೀಗೆ ಕೇಳಿ ಥೀಸಿಸ್‌ನಲ್ಲಿ ಎರಡು ಸಾಲು ಬರೆದ್ರೆ, ಬರೀ 'ಐಟಂ 9 ಕೈಬಿಡಲಾಯಿತು' ಅನ್ನೋದಕ್ಕಿಂತ ಎಷ್ಟೋ ಪಾಲು ವಾಸಿ.

ಹೊಸ ವಾಕ್ಯ ಹೀಗಾಯ್ತು: 'ಎಲ್ಲಾ ಕಸವನ್ನೂ ಒಂದೇ ಕವರ್‌ಗೆ ಹಾಕಿದರೂ ನಡೆಯುತ್ತದೆ'. ರಿವರ್ಸ್ ಐಟಮ್ಮೇ, ಆದ್ರೆ ಒಂದು 'ಇಲ್ಲ'ನೂ ಇಲ್ಲ, ಒಂದು 'ಮಾಡದಿದ್ದರೆ'ನೂ ಇಲ್ಲ. ಆದ್ರೆ ಗಮನ ಇರ್ಲಿ, ವಾಕ್ಯ ಬದಲಾದ್ರೆ ಹಳೇ ಉತ್ತರ ಅದಕ್ಕೆ ಸೇರಲ್ಲ, ಹೊಸ ಜನರ ಹತ್ರ ಹೋಗ್ಲೇಬೇಕು. ಇವಳದ್ದು ಪೈಲಟ್ ಸ್ಟೇಜ್ ಆಗಿದ್ರಿಂದ ನಡೀತು. ಮೇನ್ ಡೇಟಾನೇ ಬಂದ್ಬಿಟ್ಟಿದ್ರೆ q9 ಬಿಟ್ಟು, ಬಿಟ್ಟಿದ್ದು ಯಾಕೆ ಅಂತ ಬರೆದು, 11 ಐಟಂ ಇಟ್ಕೊಂಡು ಮುಂದೆ ಹೋಗೋದು ಬಿಟ್ರೆ ದಾರಿ ಇಲ್ಲ. ಕನ್ನಡದವ್ರ q9ನ ಮಾತ್ರ ಹಿಂದೆ ತಿರುಗಿಸಿ ಬಿಡೋಣ ಅಂತ ಐಡಿಯಾ ಬರತ್ತೆ, ಬೇಡ, ಕೆಲವ್ರು ಸರಿಯಾಗೇ ಓದಿರ್ತಾರೆ, ಯಾರು ಹೇಗೆ ಓದಿದ್ರು ಅಂತ ನಿಮಗೆ ಗೊತ್ತಾಗಲ್ಲ.

0.79 ಬಂತು, ಆದ್ರೂ ಮುಗೀಲಿಲ್ಲ

q9 ಬಿಟ್ಟು 11 ಐಟಂಗೆ ಆವರೇಜ್ ಕೋರಿಲೇಶನ್ 0.25, ಆಲ್ಫಾ 0.79. ಎಲ್ಲರೂ ಇಲ್ಲಿಗೆ ನಿಲ್ಲಿಸ್ತಾರೆ. ಆದ್ರೆ 0.25 ಅನ್ನೋದು ಆವರೇಜ್, ಒಳಗಡೆ ಏನೇನು ಸೇರಿ 0.25 ಆಗಿದೆ ಅಂತ ಆಲ್ಫಾ ಹೇಳಲ್ಲ. ಅದಕ್ಕೆ ಮೇಲಿನ ಸಿಂಟ್ಯಾಕ್ಸಲ್ಲಿ `CORR` ಹಾಕಿರೋದು, `Inter-Item Correlation Matrix` ಬರತ್ತೆ, ಅದನ್ನ ಪ್ರಿಂಟ್ ತಗೊಂಡು 0.3ಕ್ಕಿಂತ ಜಾಸ್ತಿ ಇರೋದಕ್ಕೆಲ್ಲ ಹೈಲೈಟರ್ ಹಾಕಿ.

ಇವಳ ಮ್ಯಾಟ್ರಿಕ್ಸಲ್ಲಿ ಎರಡು ಗುಂಪು ಎದ್ದು ಕಾಣ್ತಿತ್ತು. q1 ರಿಂದ q6 ಒಂದು ಗುಂಪು, ಒಳಗೊಳಗೇ 0.45 ಆಸುಪಾಸು. q7, q8, q10, q11, q12 ಇನ್ನೊಂದು ಗುಂಪು, ಅವೂ ಒಳಗೊಳಗೇ 0.45. ಆದ್ರೆ ಈ ಗುಂಪಿಂದ ಆ ಗುಂಪಿಗೆ ಬರೀ 0.08. ಐಟಂ ಓದಿದ್ರೆ ಕಾರಣ ಗೊತ್ತಾಗತ್ತೆ, ಮೊದಲ ಆರು 'ನಾನು ಕಸ ಬೇರೆ ಮಾಡೋದು ಸರಿ, ಮಾಡ್ಬೇಕು' ಅನ್ನೋದ್ರ ಬಗ್ಗೆ, ಉಳಿದ ಐದು 'ಬೇರೆ ಮಾಡಿಕೊಟ್ರೂ ಮುಂದೆ ವ್ಯವಸ್ಥೆ ಅದನ್ನ ಸರಿಯಾಗಿ ನೋಡ್ಕೊಳ್ಳತ್ತಾ' ಅನ್ನೋ ನಂಬಿಕೆ ಬಗ್ಗೆ. ನಮ್ಮೂರಲ್ಲಿ ಇವೆರಡೂ ಬೇರೇನೇ ಅಲ್ವಾ, ಎರಡು ಬಿನ್ ಒಂದು ಬ್ಯಾಗ್ ಅಂತ ಶಿಸ್ತಾಗಿ ಇಟ್ಟಿರೋ ಮನೆಯವ್ರೇ 'ಗಾಡೀಲಿ ಎಲ್ಲಾ ಮಿಕ್ಸ್ ಮಾಡ್ತಾರೆ ಬಿಡಿ' ಅಂತಾನೂ ಬೈತಿರ್ತಾರೆ.

ಬೇರೆ ಬೇರೆ ರನ್ ಮಾಡಿದ್ರೆ ಆರು ಐಟಂಗೆ ಆಲ್ಫಾ 0.83, ಐದು ಐಟಂಗೆ 0.80. ಐಟಂ ಕಮ್ಮಿ ಆದ್ರೂ ಆಲ್ಫಾ ಏರಿದೆ ನೋಡಿ, ಇದೇ ಸಾಕ್ಷಿ. ಎರಡೂ ಗುಂಪಿನ ಟೋಟಲ್‌ಗಳ ನಡುವೆ ಕೋರಿಲೇಶನ್ ಬರೀ 0.15. ಹಂಗಿದ್ದಾಗ 11 ಐಟಂ ಕೂಡಿಸಿ 'ಮನೋಭಾವದ ಸ್ಕೋರ್ 38' ಅಂತ ಬರೆದ್ರೆ ಆ 38 ಯಾರದ್ದು? ಮನಸ್ಸಿದ್ದು ನಂಬಿಕೆ ಇಲ್ಲದವ್ರದ್ದೂ 38, ನಂಬಿಕೆ ಇದ್ದು ಮನಸ್ಸಿಲ್ಲದವ್ರದ್ದೂ 38. ಆಮೇಲೆ ಗಂಡಸರು ಹೆಂಗಸರು ಅಂತ ಟಿ-ಟೆಸ್ಟ್ ಮಾಡಿ ಏನೂ ಸಿಗಲಿಲ್ಲ ಅಂದ್ರೆ ಆಶ್ಚರ್ಯ ಇಲ್ಲ. ಎರಡು ಸಬ್‌ಸ್ಕೇಲ್ ಅಂತ ಮಾಡಿ, ಎರಡಕ್ಕೂ ಬೇರೆ ಆಲ್ಫಾ ಕೊಡಿ. 120 ಜನ ಇದ್ರೆ ಒಂದು ಎಕ್ಸ್‌ಪ್ಲೋರೇಟರಿ ಫ್ಯಾಕ್ಟರ್ ಅನಾಲಿಸಿಸ್ ಮಾಡಿ ಇದನ್ನ ತೋರಿಸ್ಬಹುದು, ಆದ್ರೆ 11 ಐಟಂಗೆ ಕಣ್ಣಲ್ಲೇ ಕಾಣೋದನ್ನ ಮೊದ್ಲು ಕಣ್ಣಲ್ಲಿ ನೋಡಿ.

ಜಾಸ್ತಿ ಬಂದ್ರೂ ಡೌಟ್ ಪಡಿ

ಹೊಸ ಸ್ಕೇಲ್‌ಗೆ ಮೊದಲ ಸಲಾನೇ 0.95 ಬಂದ್ರೆ ಸ್ವೀಟ್ ಹಂಚ್ಬೇಡಿ. ಒಂದೇ ವಾಕ್ಯಾನ ನಾಲ್ಕು ಥರ ತಿರುಗಿಸಿ ಕೇಳಿದ್ರೂ ಹಾಗೆ ಬರತ್ತೆ, ಅದು ಐಟಂ ಓದಿದ್ರೇ ಗೊತ್ತಾಗತ್ತೆ. ಗೊತ್ತಾಗದೇ ಇರೋದು ಎರಡು ಫಾರ್ಮ್ ಸೇರಿಸುವಾಗ ಆಗೋ ಎಡವಟ್ಟು. ಗೂಗಲ್ ಫಾರ್ಮಲ್ಲಿ ಒಂದು ಭಾಷೇಲಿ 5 ಅಂದ್ರೆ ಪೂರ್ತಿ ಒಪ್ತೀನಿ, ಇನ್ನೊಂದ್ರಲ್ಲಿ 1 ಅಂದ್ರೆ ಪೂರ್ತಿ ಒಪ್ತೀನಿ ಅಂತ ಇಟ್ಟು ಎರಡೂ ಶೀಟ್ ಕೆಳಗೆ ಮೇಲೆ ಅಂಟಿಸಿದ್ರೆ ಆಲ್ಫಾ ಬೀಳತ್ತೆ ಅಂತ ಅನ್ಕೊಳ್ತೀವಿ. ಬೀಳಲ್ಲ, ಏರತ್ತೆ! ಯಾಕಂದ್ರೆ ಒಬ್ಬ ಮನುಷ್ಯನ ಎಲ್ಲಾ ಉತ್ತರಗಳೂ ಒಟ್ಟಿಗೇ ತಿರುಗಿರ್ತವೆ, ಮೈನಸ್ ಮೈನಸ್ ಪ್ಲಸ್ ಆಗಿ ಅವನೊಳಗಿನ ಹೊಂದಾಣಿಕೆ ಹಾಗೇ ಇರತ್ತೆ, ಅದ್ರ ಮೇಲೆ ಒಂದು ಗುಂಪಿನ ಆವರೇಜ್ 4, ಇನ್ನೊಂದರದ್ದು 2 ಅಂತ ಸುಳ್ಳು ವ್ಯತ್ಯಾಸ ಎಲ್ಲಾ ಐಟಂನಲ್ಲೂ ಸೇರ್ಕೊಳ್ಳತ್ತೆ. ಲೆಕ್ಕ ಹಾಕಿ, ನಿಜವಾದ ಕೋರಿಲೇಶನ್ 0.25, ಸ್ಟ್ಯಾಂಡರ್ಡ್ ಡೀವಿಯೇಶನ್ 1, ಅರ್ಧ ಜನ ಹೀಗೆ ತಿರುಗಿದ್ರೆ ಕೋರಿಲೇಶನ್ 0.625 ಆಗಿ ಕಾಣತ್ತೆ, 12 ಐಟಂಗೆ 0.80 ಇರ್ಬೇಕಾದ ಆಲ್ಫಾ 0.95 ಆಗತ್ತೆ. `Cronbach's Alpha if Item Deleted` ಕಾಲಂ ಪೂರ್ತಿ ಕ್ಲೀನ್ ಇರತ್ತೆ, ಯಾವ ಐಟಂ ಮೇಲೂ ಡೌಟ್ ಬರಲ್ಲ. ಹಿಡಿಯೋ ದಾರಿ ಒಂದೇ, ಭಾಷೆ ಪ್ರಕಾರ ಪ್ರತಿ ಐಟಂನ ಮೀನ್ ಪಕ್ಕ ಪಕ್ಕ ಇಟ್ಟು ನೋಡೋದು. ಎಲ್ಲದರಲ್ಲೂ ಒಂದು ಕಡೆ 4, ಇನ್ನೊಂದು ಕಡೆ 2 ಅಂದ್ರೆ ಅದು ಕನ್ನಡದವ್ರಿಗೂ ಇಂಗ್ಲಿಷ್‌ನವ್ರಿಗೂ ಇರೋ ಮನೋಭಾವದ ವ್ಯತ್ಯಾಸ ಅಂತ ಥಿಯರಿ ಕಟ್ಟೋಕ್ ಮುಂಚೆ ಫಾರ್ಮ್ ಓಪನ್ ಮಾಡಿ ನೋಡಿ.

ಬರೆಯುವಾಗ

ಆ 0.70 ಬಗ್ಗೆ ಒಂದು ಮಾತು. ಎಲ್ಲಾ ಥೀಸಿಸ್‌ನಲ್ಲೂ 'Nunnally 1978' ಅಂತ, ಅಂದ್ರೆ ನನ್ನಲಿ ಅನ್ನೋನು ಬರೆದ 'ಸೈಕೋಮೆಟ್ರಿಕ್ ಥಿಯರಿ' ಪುಸ್ತಕದ ಹೆಸರಲ್ಲಿ, ಕಾಪಿ ಆಗ್ತಾ ಬಂದಿದೆ, ಆತ ಅದನ್ನ ಹೇಳಿದ್ದು ರಿಸರ್ಚ್‌ನ ಆರಂಭದ ಹಂತಕ್ಕೆ, ಒಬ್ಬೊಬ್ಬರ ಬಗ್ಗೆ ತೀರ್ಮಾನ ತಗೊಳ್ಳೋ ಟೆಸ್ಟ್‌ಗಳಿಗೆ ಕಮ್ಮಿ ಅಂದ್ರೂ 0.90 ಇರ್ಬೇಕು ಅಂದಿದಾನೆ. ಅದು ಪಾಸ್ ಮಾರ್ಕ್ ಥರ ಅಲ್ಲ. ಮೇಲಾಗಿ 30 ಜನರ ಪೈಲಟ್‌ನಲ್ಲಿ 0.70 ಬಂದ್ರೆ, 95% ಕಾನ್ಫಿಡೆನ್ಸ್ ಇಂಟರ್ವಲ್ 0.5ರ ಹತ್ರದಿಂದ 0.8 ದಾಟೋವರೆಗೂ ಹರಡಿರತ್ತೆ, ಹಾಗಾಗಿ 0.68 ಬಂತು ಅಂತ ಒಂದು ಒಳ್ಳೇ ಐಟಂ ಕಿತ್ತು 0.71 ಮಾಡೋದ್ರಲ್ಲಿ ಏನೂ ಅರ್ಥ ಇಲ್ಲ.

ಅವಳ ಮೂರನೇ ಚಾಪ್ಟರ್‌ನಲ್ಲಿ ಕೊನೆಗೆ ಹೋಗಿದ್ದು ಇಷ್ಟು. 12 ಐಟಂ, ನಾಲ್ಕು ರಿವರ್ಸ್, ರೀಕೋಡ್ ಆದ್ಮೇಲೆ ಪೂರ್ತಿ ಸ್ಕೇಲ್‌ನ ಆಲ್ಫಾ 0.74. ಐಟಂ 9 ಕನ್ನಡ ಆವೃತ್ತಿಯಲ್ಲಿ ತಪ್ಪಾಗಿ ಓದಲ್ಪಟ್ಟಿದ್ದಕ್ಕೆ ಆಧಾರ, ಹಳೇ ವಾಕ್ಯ, ಹೊಸ ವಾಕ್ಯ. ಎರಡು ಸಬ್‌ಸ್ಕೇಲ್, ಆಲ್ಫಾ 0.83 ಮತ್ತು 0.80, ನಡುವಿನ ಕೋರಿಲೇಶನ್ 0.15. ಪೂರ್ತಿ ಐಟಂ-ಟೋಟಲ್ ಟೇಬಲ್ ಅನುಬಂಧದಲ್ಲಿ. ಮೊದಲ ದಿನದ 0.30 ಮಾತ್ರ ಬರೀಲಿಲ್ಲ, ಬರೀಬೇಕಾಗೂ ಇಲ್ಲ, ಅದು ರೀಕೋಡ್ ಆಗದ ಡೇಟಾದ ನಂಬರ್. ಗೈಡ್ ಮೇಡಂ ನೋಡಿ ಒಂದೇ ಪ್ರಶ್ನೆ ಕೇಳಿದ್ರಂತೆ, ಹೊಸ q9 ಯಾವ ಸಬ್‌ಸ್ಕೇಲ್‌ಗೆ ಹೋಗತ್ತಮ್ಮ ಅಂತ. 'ವಾಕ್ಯ ನೋಡಿದ್ರೆ ಮೊದಲನೇದಕ್ಕೆ ಮೇಡಂ, ಆದ್ರೆ ಮೇನ್ ಡೇಟಾ ಬಂದ್ಮೇಲೆ ಮ್ಯಾಟ್ರಿಕ್ಸ್ ನೋಡಿ ಹೇಳ್ತೀನಿ' ಅಂದ್ಲಂತೆ.